ಒಂದು ಉಂಗುರ, ಒಂದು ಬಿಳಿ ಚುಕ್ಕೆ: ಮಿದುಳಿನ ಲಾಡಿಹುಳು ಗುಳ್ಳೆಯ ಜೊತೆ ಕಳೆದ 7 ತಿಂಗಳು

ಆವತ್ತು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕೆಂಪು ಪೆನ್ನು ಹಿಡಿದಿದ್ದ ಬಲಗೈ ಹೆಬ್ಬೆರಳು ಇದ್ದಕ್ಕಿದ್ದಂತೆ ತಾನಾಗಿ ಮಡಚಿಕೊಂಡಿತು, ಬಿಟ್ಟಿತು, ಮತ್ತೆ ಮಡಚಿಕೊಂಡಿತು. ಅಂಕ ಹಾಕಬೇಕಿದ್ದ ಜಾಗದಲ್ಲಿ ಸೊಟ್ಟ ಗೆರೆಯೊಂದು ಹಾಳೆಯ ಅಂಚಿನವರೆಗೂ ಹೋಯಿತು. ಎಡಗೈಯಲ್ಲಿ ಹೆಬ್ಬೆರಳನ್ನು ಒತ್ತಿ ಹಿಡಿದರೂ ನಿಲ್ಲಲಿಲ್ಲ. ಅದುರುವುದು ಮಣಿಕಟ್ಟಿಗೆ ಬಂತು, ಮೊಣಕೈಗೆ ಬಂತು, ಬಾಯಿಯ ಬಲಮೂಲೆ ಎಳೆದುಕೊಂಡಿತು. ಪಕ್ಕದಲ್ಲಿದ್ದ ಸಹೋದ್ಯೋಗಿಯನ್ನು ಕರೆಯಬೇಕು ಅನ್ನಿಸಿತು, ಮಾತು ಹೊರಡಲಿಲ್ಲ. ಅಲ್ಲಿಂದ ಮುಂದೆ ಏನೂ ನೆನಪಿಲ್ಲ. ಎಚ್ಚರವಾದಾಗ ನೆಲದ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದೆ. ನಾಲಿಗೆ ಕಚ್ಚಿಕೊಂಡಿತ್ತು, ಬಲಗೈ ನನ್ನದೇ ಅಲ್ಲವೇನೋ ಎಂಬಷ್ಟು ಸೋತುಹೋಗಿತ್ತು.

ನಾನು ಬಿದ್ದ ಮೇಲೆ ಸುಮಾರು ಎರಡು ನಿಮಿಷ ಕೈಕಾಲು ಬಡಿದುಕೊಂಡೆ ಎಂದು ಆ ಸಹೋದ್ಯೋಗಿ ಆಮೇಲೆ ಹೇಳಿದರು. ಬಾಯಿಗೆ ಏನನ್ನೂ ತುರುಕದೆ ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿಕೊಂಡಿದ್ದರು. ಅದಕ್ಕಿಂತ ದೊಡ್ಡ ಉಪಕಾರವೆಂದರೆ "ಮೊದಲು ಬಲಗೈ ಹೆಬ್ಬೆರಳು" ಎಂದು ಡಾಕ್ಟರಿಗೆ ಹೇಳಿದ್ದು. ಮೂರ್ಛೆ ಎಲ್ಲಿಂದ ಶುರುವಾಯಿತು ಎಂಬುದು ಮಿದುಳಿನ ಯಾವ ಭಾಗ ನೋಡಬೇಕು ಎಂದು ಹೇಳಿಬಿಡುತ್ತದೆ. ಬಲಗೈ ಎಂದರೆ ಎಡ ಮಿದುಳು. ನಿಮ್ಮವರಿಗೆ ಹೀಗಾದರೆ ಗಾಬರಿಯಲ್ಲೂ ಇದೊಂದನ್ನು ಗಮನಿಸಿ, ಸಾಧ್ಯವಾದರೆ ಫೋನಿನಲ್ಲಿ ವಿಡಿಯೋ ತೆಗೆದಿಟ್ಟುಕೊಳ್ಳಿ. ಐದು ನಿಮಿಷವಾದರೂ ನಿಲ್ಲದಿದ್ದರೆ ಕಾಯಬಾರದು, ತುರ್ತು ಚಿಕಿತ್ಸೆಗೆ ಒಯ್ಯಲೇಬೇಕು.

ಮೊದಲು ಹೋದ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಆಯಿತು. ಮೊದಲು ಹಾಗೇ ಒಂದು ಸಲ, ಆಮೇಲೆ ಕೈಗೆ ಕಾಂಟ್ರಾಸ್ಟ್ ಔಷಧಿ ಚುಚ್ಚಿ ಇನ್ನೊಂದು ಸಲ. ವರದಿಯಲ್ಲಿ ಎರಡು ವಿಷಯ ಬರೆದಿದ್ದರು. ಮಿದುಳಿನ ಎಡ ಮುಂಭಾಗದಲ್ಲಿ ಉಂಗುರದಂತೆ ಹೊಳೆಯುವ ಒಂದು ಗಂಟು, ಸುತ್ತ ಊತ. ಬಲ ಹಿಂಭಾಗದಲ್ಲಿ 4 ಮಿಲಿಮೀಟರಿನ ಸುಣ್ಣಗಟ್ಟಿದ ಚುಕ್ಕೆ. ಕೊನೆಯ ಸಾಲಿನಲ್ಲಿ ನ್ಯೂರೋಸಿಸ್ಟಿಸರ್ಕೋಸಿಸ್ ಎಂದು ಬರೆದು ಒಂದು ಪ್ರಶ್ನಾರ್ಥಕ ಚಿಹ್ನೆ, ಟ್ಯೂಬರ್ಕುಲೋಮಾ ಎಂದು ಬರೆದು ಇನ್ನೊಂದು. ಒಂದು ಲಾಡಿಹುಳುವಿನ ಮರಿ, ಇನ್ನೊಂದು ಕ್ಷಯದ ಗಂಟು. ಆ ಎರಡು ಪ್ರಶ್ನಾರ್ಥಕ ಚಿಹ್ನೆಗಳನ್ನು ನೋಡುತ್ತಾ ಕಳೆದ ರಾತ್ರಿಯಷ್ಟು ಉದ್ದದ ರಾತ್ರಿ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ.

ಅಲ್ಲಿ ಡ್ಯೂಟಿಯಲ್ಲಿದ್ದವರು ಫಿಟ್ಸ್ ತಡೆಯಲು ಲೆವೆಟಿರಾಸೆಟಮ್ 500 ಮಿಲಿಗ್ರಾಂ ದಿನಕ್ಕೆರಡು ಬಾರಿ ಬರೆದರು. ಅದು ಸರಿಯಾಗೇ ಇತ್ತು. ಜೊತೆಗೆ, "ಹುಳು ಇರೋ ಹಾಗಿದೆ, ಇವತ್ತಿಂದಲೇ ಶುರು ಮಾಡಿ" ಎಂದು ಆಲ್ಬೆಂಡಜೋಲ್ ಕೂಡ ಬರೆದುಕೊಟ್ಟರು. ಮಾತ್ರೆಯ ಶೀಟು ಬ್ಯಾಗಿಗೆ ಬಂತು. ನರ್ಸ್ ಆಗಿ ಕೆಲಸ ಮಾಡುವ ನನ್ನ ತಂಗಿ ರಾತ್ರಿ ಫೋನಿನಲ್ಲಿ ಚೀಟಿಯ ಫೋಟೋ ನೋಡಿದವಳೇ, "ಅಕ್ಕಾ, ಫಿಟ್ಸ್ ಮಾತ್ರೆ ಒಂದೂ ತಪ್ಪಿಸಬೇಡ. ಹುಳುವಿನ ಮಾತ್ರೆ ಮಾತ್ರ ಈಗಲೇ ಬೇಡ, ನ್ಯೂರಾಲಜಿ ಡಾಕ್ಟರ್ ನೋಡಲಿ. ಕಣ್ಣು ಪರೀಕ್ಷೆ ಆಗಿಲ್ಲ, ಊತ ಇಳಿಸೋ ಸ್ಟಿರಾಯ್ಡ್ ಬರೆದಿಲ್ಲ" ಎಂದಳು. ತಲೆಯೊಳಗೆ ಹುಳು ಇದೆ ಎಂದು ಗೊತ್ತಿದ್ದೂ ಕೈಯಲ್ಲಿರುವ ಮಾತ್ರೆ ನುಂಗದೆ ಕೂರುವುದು ಎಂಥ ಸಂಕಟ ಎಂದು ಅನುಭವಿಸಿದವರಿಗೇ ಗೊತ್ತು. ಅವಳ ಮಾತು ಕೇಳಿದೆ. ಆರು ದಿನ ಆ ಶೀಟು ಹಾಗೇ ಇತ್ತು.

ನರರೋಗ ತಜ್ಞರ ಭೇಟಿ ಸಿಕ್ಕಿದ್ದು ಮೂರನೆಯ ದಿನ. ನಾನು ಕೈಗೆ ಕೊಟ್ಟಿದ್ದು ವರದಿಯ ಹಾಳೆ ಮಾತ್ರ. "ವರದಿ ಬೇಡ, ಚಿತ್ರ ಕೊಡಿ" ಎಂದರು. ಸಿಡಿ ತಂದಿರಲಿಲ್ಲ. ಅದನ್ನು ತರಲು ಅರ್ಧ ದಿನ ಹೋಯಿತು. ಸ್ಕ್ಯಾನ್ ಮಾಡಿದ ದಿನವೇ ಸಿಡಿ ಕೇಳಿ ಪಡೆದುಕೊಳ್ಳಿ. ಈ ಕಾಯಿಲೆಯಲ್ಲಿ ಚಿಕಿತ್ಸೆ ನಿಂತಿರುವುದೇ ಚಿತ್ರದ ಮೇಲೆ. ಆರು ತಿಂಗಳ ನಂತರ ಹೋಲಿಸಿ ನೋಡಲೂ ಅದೇ ಬೇಕು.

ಅವರು ಕೇಳಿದ್ದು ಎಂಆರ್‌ಐ. ಸಿಟಿ ಆಗಿದೆಯಲ್ಲ, ಇನ್ನೊಂದು ಯಾಕೆ ಎಂದು ಕೇಳಿಯೇಬಿಟ್ಟೆ, ಏಕೆಂದರೆ ಇಡೀ ಚಿಕಿತ್ಸೆಯಲ್ಲಿ ಅತಿ ಹೆಚ್ಚು ಖರ್ಚಾದದ್ದು ಅದಕ್ಕೇ. ಸುಣ್ಣಗಟ್ಟಿದ ಹಳೆಯ ಚುಕ್ಕೆಗಳು ಸಿಟಿಯಲ್ಲಿ ಚೆನ್ನಾಗಿ ಕಾಣುತ್ತವೆ, ಎಂಆರ್‌ಐಯಲ್ಲಿ ತಪ್ಪಿಹೋಗಬಹುದು. ಗುಳ್ಳೆಯೊಳಗಿನ ನೀರು, ಅದರೊಳಗಿನ ಹುಳುವಿನ ತಲೆ, ಸುತ್ತಲಿನ ಊತ, ಚಿಕ್ಕ ಗುಳ್ಳೆಗಳು, ಮಿದುಳಿನ ನೀರಿನ ಕೋಣೆಗಳಲ್ಲಿ ಸಿಕ್ಕಿಕೊಂಡವು ಎಂಆರ್‌ಐಯಲ್ಲೇ ಸ್ಪಷ್ಟ. ಹಾಗಾಗಿ ಎರಡೂ ಬೇಕಾಗುತ್ತವೆ, ಒಂದು ಇನ್ನೊಂದರ ಬದಲಿಯಲ್ಲ. ಆ ಕೊಳವೆಯೊಳಗೆ ಮಲಗಿ ಟಕಟಕ ಸದ್ದು ಕೇಳುತ್ತಾ, ಹೆಬ್ಬೆರಳು ಮತ್ತೆ ಅದುರಿದರೆ ಏನು ಮಾಡಲಿ ಎಂಬ ಭಯವೊಂದೇ ನನಗಿತ್ತು. ಕೈಯಲ್ಲಿ ಒತ್ತುವ ಬಲ್ಬು ಕೊಟ್ಟಿರುತ್ತಾರೆ, ಒತ್ತಿದರೆ ನಿಲ್ಲಿಸುತ್ತಾರೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಐದನೆಯ ದಿನ ಡಾಕ್ಟರ್ ನನ್ನನ್ನೂ ನಮ್ಮ ಯಜಮಾನರನ್ನೂ ಪಕ್ಕಕ್ಕೆ ಕೂರಿಸಿಕೊಂಡು ಪರದೆಯ ಮೇಲೆ ಚಿತ್ರ ತೋರಿಸಿದರು. ಬೂದುಬಣ್ಣದ ಮಿದುಳಿನಲ್ಲಿ 11 ಮಿಲಿಮೀಟರಿನ ಒಂದು ಬಿಳಿ ಉಂಗುರ. ಉಂಗುರದೊಳಗೆ, ನಡುವಿನಲ್ಲಲ್ಲ, ಒಂದು ಬದಿಗೆ ಅಂಟಿಕೊಂಡಂತೆ ಒಂದು ಚಿಕ್ಕ ಚುಕ್ಕೆ. "ಇದು ಅದರ ತಲೆ" ಎಂದರು. ಆ ಚುಕ್ಕೆಯೇ ಎರಡು ಪ್ರಶ್ನಾರ್ಥಕ ಚಿಹ್ನೆಗಳಲ್ಲಿ ಒಂದನ್ನು ಅಳಿಸಿಹಾಕಿತು. ಕ್ಷಯದ ಗಂಟಿನಲ್ಲಿ ಹುಳುವಿನ ತಲೆ ಇರುವುದಿಲ್ಲ. ಕ್ಷಯದ್ದು ಸಾಮಾನ್ಯವಾಗಿ 20 ಮಿಲಿಮೀಟರಿಗಿಂತ ದೊಡ್ಡದು, ಅಂಚು ಅಂಕುಡೊಂಕು, ಹಲವು ಗಂಟುಗಳು ಒಂದಕ್ಕೊಂದು ಅಂಟಿಕೊಂಡಿರಬಹುದು, ಮಿದುಳಿನ ಮಧ್ಯರೇಖೆಯನ್ನೇ ಪಕ್ಕಕ್ಕೆ ತಳ್ಳುವಷ್ಟು ಊತ ಇರಬಹುದು, ಕೈಕಾಲಿನ ಬಲ ದಿನೇದಿನೇ ಕುಂದುತ್ತಾ ಹೋಗಬಹುದು. ನನಗೆ ಇದ್ಯಾವುದೂ ಇರಲಿಲ್ಲ. ಎದೆಯ ಎಕ್ಸ್‌ರೇ ಕೂಡ ಸರಿಯಾಗಿತ್ತು. ರಕ್ತಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲವೇ ಎಂದು ಕೇಳಿದೆ. ಗುಳ್ಳೆ ಒಂದೇ ಇದ್ದಾಗ ಒಳ್ಳೆಯ ಪರೀಕ್ಷೆ ಕೂಡ ಎಷ್ಟೋ ಸಲ ನೆಗೆಟಿವ್ ಬರುತ್ತದೆ, ನೆಗೆಟಿವ್ ಬಂದರೆ ಕಾಯಿಲೆ ಇಲ್ಲ ಎಂದು ಹೇಳಲಾಗದು ಎಂದರು.

ಮಾಂಸವನ್ನೇ ಮುಟ್ಟದ ನನಗೆ ಹಂದಿಯ ಲಾಡಿಹುಳು ಹೇಗೆ ಬಂತು ಎಂಬುದು ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆ. ಕೇಳಲು ನಾಚಿಕೆ, ಕೇಳದಿರಲು ಆಗದು. ಉತ್ತರ ಸರಳವಾಗಿತ್ತು. ಸರಿಯಾಗಿ ಬೇಯದ ಹಂದಿಮಾಂಸದಲ್ಲಿರುವ ಗುಳ್ಳೆ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ, ಅವರ ಮಿದುಳಿನಲ್ಲಿ ಅಲ್ಲ. ಅವರ ಮಲದ ಜೊತೆ ಹುಳುವಿನ ಮೊಟ್ಟೆಗಳು ಹೊರಬರುತ್ತವೆ. ಆ ಮೊಟ್ಟೆ ಕೊಳಕು ಕೈ, ನೀರು, ಹಸಿ ತರಕಾರಿಯ ಮೂಲಕ ಯಾರ ಬಾಯಿಗೆ ಹೋಗುತ್ತದೋ ಅವರ ಮಿದುಳಿನಲ್ಲಿ ಗುಳ್ಳೆ ಕೂರಬಹುದು. ಅವರು ಏನು ತಿನ್ನುತ್ತಾರೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಕರುಳಿನಲ್ಲಿ ಹುಳು ಇರುವವರು ಮನೆಯಲ್ಲೇ ಇರಬಹುದು ಎಂದು ನಮ್ಮ ಮನೆಯವರೆಲ್ಲರ ಮಲಪರೀಕ್ಷೆ ಮಾಡಿಸಿದರು. ಮೊಟ್ಟೆ ದಿನವೂ ಬೀಳುವುದಿಲ್ಲವಾದ್ದರಿಂದ ಬೇರೆ ಬೇರೆ ದಿನದ ಮೂರು ಮಾದರಿ ಕೊಟ್ಟೆವು. ಯಾರಲ್ಲೂ ಸಿಗಲಿಲ್ಲ. ಎಲ್ಲಿಂದ ಬಂತು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.

ಈಗ ಹಂತಗಳ ವಿಷಯ. ಇದು ಅರ್ಥವಾದ ಮೇಲೆಯೇ ಬ್ಯಾಗಿನಲ್ಲಿದ್ದ ಮಾತ್ರೆಯ ಬಗ್ಗೆ ನನಗಿದ್ದ ಆತುರ ಇಳಿದದ್ದು.

ಮಿದುಳಿಗೆ ಬಂದ ಮರಿ ಮೊದಲು ತೆಳು ಗೋಡೆಯ, ತಿಳಿನೀರು ತುಂಬಿದ ಗುಳ್ಳೆಯಾಗಿ ಕೂರುತ್ತದೆ. ಒಳಗೆ ತಲೆ ಚುಕ್ಕೆಯಂತೆ ಕಾಣುತ್ತದೆ, ಸುತ್ತ ಊತ ಇಲ್ಲ, ಇದ್ದರೂ ಅಷ್ಟಕ್ಕಷ್ಟೆ. ಜೀವಂತ ಹುಳು ನಮ್ಮ ದೇಹದ ರಕ್ಷಣಾ ವ್ಯವಸ್ಥೆಯ ಕಣ್ಣು ತಪ್ಪಿಸಿಕೊಂಡು ವರ್ಷಗಟ್ಟಲೆ ಸುಮ್ಮನೆ ಇರಬಲ್ಲದು. ಎಷ್ಟೋ ಜನರಿಗೆ ಆ ಕಾಲದಲ್ಲಿ ಏನೂ ತೊಂದರೆಯೇ ಇರುವುದಿಲ್ಲ. ಅದು ಸಾಯತೊಡಗಿದಾಗ ಗೋಡೆ ಸೋರುತ್ತದೆ, ಒಳಗಿನ ನೀರು ಮಂದವಾಗಿ ಕದಡುತ್ತದೆ, ಆಗ ದೇಹಕ್ಕೆ ಗುರುತು ಸಿಕ್ಕಿ ಮೇಲೆ ಬೀಳುತ್ತದೆ. ಕಾಂಟ್ರಾಸ್ಟ್ ಕೊಟ್ಟಾಗ ಉಂಗುರ ಹೊಳೆಯುವುದು, ಸುತ್ತ ಊತ ಬರುವುದು, ಫಿಟ್ಸ್ ಬರುವುದು ಹೆಚ್ಚಾಗಿ ಈ ಹಂತದಲ್ಲೇ. ಇದಕ್ಕೆ ಕೊಲಾಯ್ಡಲ್ ಹಂತ ಎನ್ನುತ್ತಾರೆ. ನನ್ನ ಉಂಗುರ ಇದ್ದದ್ದು ಇಲ್ಲಿ. ಮುಂದೆ ಗುಳ್ಳೆ ಕುಗ್ಗಿ, ನೀರು ಹೋಗಿ, ಗಟ್ಟಿ ಕಾಳಿನಂತಾಗುತ್ತದೆ, ಊತ ಇಳಿಯುತ್ತದೆ. ಕೊನೆಗೆ ಕೆಲವು ಪೂರ್ತಿ ಮಾಯವಾಗುತ್ತವೆ, ಕೆಲವು ಸುಣ್ಣಗಟ್ಟಿ ಸಿಟಿಯಲ್ಲಿ ಬಿಳಿ ಚುಕ್ಕೆಯಾಗಿ ಉಳಿಯುತ್ತವೆ. ಬಲಗಡೆಯ ನನ್ನ 4 ಮಿಲಿಮೀಟರ್ ಚುಕ್ಕೆ ನನಗೆ ಗೊತ್ತೇ ಆಗದಂತೆ ಎಂದೋ ಬಂದು, ಎಂದೋ ಸತ್ತಿದ್ದ ಇನ್ನೊಂದು ಮರಿಯದು.

"ನೋಡಿ, ಬಲಗಡೆಯದ್ದಕ್ಕೆ ಮಾತ್ರೆ ಬೇಡ. ಸತ್ತುಹೋಗಿರೋದನ್ನ ಏನು ಸಾಯಿಸೋದು? ಎಡಗಡೆಯದ್ದು ಸಾಯ್ತಾ ಇದೆ. ಮಾತ್ರೆ ಕೊಡದಿದ್ರೂ ಎಷ್ಟೋ ಸಲ ತಾನೇ ಹೋಗುತ್ತೆ. ಕೊಟ್ರೆ ಸ್ವಲ್ಪ ಬೇಗ ಹೋಗುತ್ತೆ, ಫಿಟ್ಸ್ ಮತ್ತೆ ಬರೋ ಸಾಧ್ಯತೆ ಸ್ವಲ್ಪ ಕಡಿಮೆಯಾಗುತ್ತೆ. ಅದಕ್ಕೇ ಕೊಡೋದು, ಆದರೆ ಓಡಿಹೋಗಿ ಕೊಡಬೇಕಾದ್ದಲ್ಲ" ಎಂದರು ಡಾಕ್ಟರ್. ತುರ್ತಾಗಿ ಬೇಕಾದದ್ದು ಫಿಟ್ಸ್ ಮಾತ್ರೆ ಮತ್ತು ಊತ ಇಳಿಸುವುದು. ಹುಳುವಿನ ಮಾತ್ರೆಗೆ ನಾಲ್ಕು ದಿನ ತಡವಾದರೆ ಏನೂ ಮುಳುಗುವುದಿಲ್ಲ.

ಆತುರಪಟ್ಟರೆ ಏನಾಗುತ್ತದೆ ಎಂಬುದನ್ನು ಕಾಯುವ ಕೋಣೆಯಲ್ಲೇ ಕೇಳಿದೆ. ಪಕ್ಕ ಕೂತಿದ್ದ ತಾಯಿಯೊಬ್ಬರ ಮಗನಿಗೆ ಮಿದುಳಿನ ತುಂಬ ಲೆಕ್ಕವಿಲ್ಲದಷ್ಟು ಗುಳ್ಳೆಗಳಿದ್ದವು, ಇಡೀ ಮಿದುಳು ಊದಿಕೊಂಡಿತ್ತು. ಬೇರೊಂದು ಕಡೆ ಆಲ್ಬೆಂಡಜೋಲ್ ಶುರು ಮಾಡಿದ ಮೂರನೆಯ ದಿನ ಹುಡುಗ ವಾಂತಿ ಮಾಡುತ್ತಾ ಮಂಪರಿಗೆ ಹೋಗಿದ್ದ. ಇಲ್ಲಿ ಬಂದೊಡನೆ ಹುಳುವಿನ ಮಾತ್ರೆ ನಿಲ್ಲಿಸಿ ಸ್ಟಿರಾಯ್ಡ್ ಕೊಟ್ಟು ಉಳಿಸಿಕೊಂಡಿದ್ದರು. ಒಂದೇ ಸಲಕ್ಕೆ ಅಷ್ಟೊಂದು ಮರಿಗಳು ಸತ್ತರೆ ಅಷ್ಟು ಕಡೆಯೂ ಊತ ಏರುತ್ತದೆ, ಆದರೆ ತಲೆಬುರುಡೆ ಹಿಗ್ಗುವುದಿಲ್ಲ. ಡಾಕ್ಟರನ್ನು ಕೇಳಿದಾಗ ಅವರು ಇನ್ನಷ್ಟು ಬಿಡಿಸಿ ಹೇಳಿದರು. ಮಿದುಳು ಪೂರ್ತಿ ಊದಿದ್ದಾಗ ಹುಳುವಿನ ಮಾತ್ರೆ ಕೊಡುವುದಿಲ್ಲ. ಗುಳ್ಳೆ ಅಡ್ಡ ಕೂತು ಮಿದುಳಿನ ನೀರು ಕಟ್ಟಿಕೊಂಡು ಒತ್ತಡ ಏರಿದ್ದರೆ ಮೊದಲು ಆ ಒತ್ತಡಕ್ಕೆ ದಾರಿ ಮಾಡಬೇಕು, ಅದಕ್ಕೆ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ಕಣ್ಣಿನೊಳಗೆ ಗುಳ್ಳೆ ಇದ್ದರೆ ಮಾತ್ರೆಗೆ ಸತ್ತ ಮರಿಯ ಸುತ್ತ ಉರಿಯೂತ ಎದ್ದು ದೃಷ್ಟಿಯೇ ಹೋಗಬಹುದು. ಕಣ್ಣುಗುಡ್ಡೆಯ ಒಳ ಹಿಂಭಾಗ ನೋಡದೆ ಮಾತ್ರೆ ಶುರು ಮಾಡಬಾರದು ಎನ್ನುವುದು ಅದಕ್ಕೇ.

ಕಣ್ಣಿನ ಪರೀಕ್ಷೆ ಆರನೆಯ ದಿನ ಆಯಿತು. ಹನಿ ಹಾಕಿ ಪಾಪೆ ಅಗಲಿಸಿ ಒಳಗೆ ನೋಡುತ್ತಾರೆ, ನೋವಿಲ್ಲ. ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ, ಜೊತೆಗೆ ಒಬ್ಬರಿರಲಿ. ಖರ್ಚೂ ಕಡಿಮೆ, ಸಮಯವೂ ಕಡಿಮೆ, ಆದರೂ ಬಿಟ್ಟುಹೋಗುವುದು ಹೆಚ್ಚಾಗಿ ಇದೇ. ನಿಮಗೆ ಬರೆದುಕೊಟ್ಟಿಲ್ಲದಿದ್ದರೆ ನೀವೇ ಬಾಯಿಬಿಟ್ಟು ಕೇಳಿ. ಅದೇ ದಿನ ಲಿವರ್ ಪರೀಕ್ಷೆ, ಬಿಳಿ ರಕ್ತಕಣಗಳ ಎಣಿಕೆ, ಸಕ್ಕರೆ ಪ್ರಮಾಣ ಎಲ್ಲ ಆಯಿತು. ಆಲ್ಬೆಂಡಜೋಲ್ ಲಿವರಿನ ಮೇಲೂ ರಕ್ತಕಣಗಳ ಮೇಲೂ ಪರಿಣಾಮ ಮಾಡಬಲ್ಲದು, ಸ್ಟಿರಾಯ್ಡ್ ಸಕ್ಕರೆ ಏರಿಸುತ್ತದೆ. ಗರ್ಭಿಣಿಯಲ್ಲ ಎಂದು ಖಚಿತಪಡಿಸಿಕೊಂಡರು.

ಆರನೆಯ ದಿನ ಬೆಳಗ್ಗೆ ಸ್ಟಿರಾಯ್ಡ್ ಶುರು: ಪ್ರೆಡ್ನಿಸೋಲೋನ್ 50 ಮಿಲಿಗ್ರಾಂ, ತಿಂಡಿಯಾದ ಮೇಲೆ. ಏಳನೆಯ ದಿನ ಆ ಶೀಟಿನಿಂದ ಮೊದಲ ಆಲ್ಬೆಂಡಜೋಲ್ ಒಡೆದೆ. ಪ್ರಮಾಣವನ್ನು ತೂಕ ನೋಡಿ ಹೇಳುತ್ತಾರೆ, ಕಿಲೋಗೆ ದಿನಕ್ಕೆ 15 ಮಿಲಿಗ್ರಾಂ. ನನ್ನ ತೂಕ 54 ಕಿಲೋ, ಅಂದರೆ ಸುಮಾರು 810. ಹಾಗಾಗಿ 400 ಮಿಲಿಗ್ರಾಂ ಬೆಳಗ್ಗೆ, 400 ರಾತ್ರಿ, ಹತ್ತು ದಿನ. ಹೊಟ್ಟೆಹುಳಕ್ಕೆ ವರ್ಷಕ್ಕೊಮ್ಮೆ ನುಂಗುವ ಒಂದು ಮಾತ್ರೆಗೂ ಇದಕ್ಕೂ ಹೋಲಿಕೆ ಮಾಡಬೇಡಿ. ಖಾಲಿ ಹೊಟ್ಟೆಯಲ್ಲಿ ಇದು ಮೈಗೆ ಹತ್ತುವುದು ಬಹಳ ಕಡಿಮೆ, ಜಿಡ್ಡಿನಂಶ ಇರುವ ಊಟದ ಜೊತೆಗೇ ತೆಗೆದುಕೊಳ್ಳಬೇಕು. ಫೆನಿಟಾಯಿನ್, ಕಾರ್ಬಮಾಜೆಪಿನ್‌ನಂಥ ಫಿಟ್ಸ್ ಮಾತ್ರೆಗಳು ರಕ್ತದಲ್ಲಿ ಇದರ ಪ್ರಮಾಣವನ್ನು ತಗ್ಗಿಸುತ್ತವಂತೆ, ನನ್ನ ಲೆವೆಟಿರಾಸೆಟಮ್‌ಗೆ ಆ ತೊಂದರೆಯಿಲ್ಲ. ಜೀವಂತ ಗುಳ್ಳೆಗಳು ಎರಡಕ್ಕಿಂತ ಹೆಚ್ಚಿದ್ದರೆ ಪ್ರಾಜಿಕ್ವಾಂಟೆಲ್ ಎಂಬ ಎರಡನೆಯ ಮಾತ್ರೆಯನ್ನೂ ಸೇರಿಸುತ್ತಾರೆ. ನನಗೆ ಬೇಕಾಗಲಿಲ್ಲ.

"ಹುಳುವಿನ ಮಾತ್ರೆ ಶುರುವಾದ ಎರಡನೇ ದಿನದಿಂದ ಐದನೇ ದಿನದ ತನಕ ಜೋಪಾನ" ಎಂದು ಮೊದಲೇ ಹೇಳಿದ್ದರು. ಮೂರನೆಯ ದಿನ ರಾತ್ರಿ ತಲೆ ಸಿಡಿಯತೊಡಗಿತು. ನಾಲ್ಕನೆಯ ದಿನ ಬೆಳಗ್ಗೆ ಲೋಟ ಹಿಡಿದಿದ್ದಾಗ ಹೆಬ್ಬೆರಳು ಮತ್ತೆ ಎರಡು ಸಲ ಮಡಚಿಕೊಂಡಿತು. ಲೋಟ ಬಿತ್ತು. ನಮ್ಮ ಯಜಮಾನರ ಮುಖ ಬಿಳುಚಿಕೊಂಡಿತು. ಕೈಯಿಂದ ಮೇಲೆ ಹೋಗದೆ ಅಲ್ಲೇ ನಿಂತಿತು. ಕೂಡಲೇ ಆಸ್ಪತ್ರೆಗೆ ಹೋದೆವು. ಕಣ್ಣು ನೋಡಿದರು, ಕೈಕಾಲಿನ ಬಲ ನೋಡಿದರು, ವಾಂತಿ ಇದೆಯೇ, ಮಂಪರು ಇದೆಯೇ ಎಂದು ಕೇಳಿದರು. ಯಾವುದೂ ಇರಲಿಲ್ಲ. ಮಾತ್ರೆ ಕೆಲಸ ಮಾಡುತ್ತಿದೆ, ಊತ ಸ್ವಲ್ಪ ಏರಿದೆ ಎಂದು ಲೆವೆಟಿರಾಸೆಟಮ್ ಹೆಚ್ಚಿಸಿ ಅರ್ಧ ದಿನ ಇರಿಸಿಕೊಂಡು ಕಳುಹಿಸಿದರು. ಇಂಥ ಹೊತ್ತಿನಲ್ಲಿ ಹೆದರಿ ಸ್ಟಿರಾಯ್ಡ್ ನಿಲ್ಲಿಸುವವರಿದ್ದಾರೆ, ಅದು ತಿರುಗುಬಾಣವಾಗುತ್ತದೆ. ತಲೆನೋವಿನ ಜೊತೆ ವಾಂತಿ, ಮಂಪರು, ದೃಷ್ಟಿ ಮಂಜು, ಕೈಕಾಲು ಸೋಲುವುದು ಇದ್ದರೆ ಫೋನಿನಲ್ಲಿ ಕೇಳುತ್ತಾ ಕೂರದೆ ನೇರ ಹೋಗಿ.

ಸ್ಟಿರಾಯ್ಡಿನ ದಿನಗಳಲ್ಲಿ ನಿದ್ದೆ ಬರಲಿಲ್ಲ, ಹಸಿವು ವಿಪರೀತ. ಲೆವೆಟಿರಾಸೆಟಮ್‌ನಿಂದ ಸಿಡುಕು. ಮಗಳು ನೀರು ಕೇಳಿದರೂ ರೇಗುತ್ತಿದ್ದೆ, ಆಮೇಲೆ ಬಚ್ಚಲಲ್ಲಿ ನಿಂತು ಅಳುತ್ತಿದ್ದೆ. ಇದು ಮಾತ್ರೆಯ ಪರಿಣಾಮವೂ ಇರಬಹುದೆಂದು ಗೊತ್ತಾದದ್ದು ಮುಂದಿನ ಭೇಟಿಯಲ್ಲಿ ಬಾಯಿಬಿಟ್ಟು ಹೇಳಿದಾಗ. ಮನೆಯವರಿಗೆ ಮೊದಲೇ ತಿಳಿಸಿಡಿ. ಹತ್ತು ದಿನದ ಆಲ್ಬೆಂಡಜೋಲ್ ಮುಗಿಯಿತು, ಪ್ರೆಡ್ನಿಸೋಲೋನನ್ನು ಒಮ್ಮೆಲೇ ಬಿಡದೆ ಹಂತಹಂತವಾಗಿ ಇಳಿಸಿದರು. ಲಿವರ್ ಪರೀಕ್ಷೆ ಇನ್ನೊಮ್ಮೆ ಮಾಡಿದರು, ಸರಿಯಾಗಿತ್ತು.

ಆಮೇಲೆ ಬಂದದ್ದು ಆರು ತಿಂಗಳ ಕಾಯುವಿಕೆ. ಗಾಡಿ ಓಡಿಸುವಂತಿಲ್ಲ, ಒಬ್ಬಳೇ ಈಜುವಂತಿಲ್ಲ, ಬಚ್ಚಲ ಬಾಗಿಲಿಗೆ ಚಿಲಕ ಹಾಕುವಂತಿಲ್ಲ. ಪ್ರತಿ ಸಲ ಹೆಬ್ಬೆರಳು ಜುಮ್ಮೆಂದಾಗಲೂ ಉಸಿರು ನಿಲ್ಲುತ್ತಿತ್ತು. "ಇನ್ನೊಂದು ಕೋರ್ಸ್ ಹುಳುವಿನ ಮಾತ್ರೆ ತಗೊಂಡುಬಿಡು, ಬೇರಿನಿಂದ ಹೋಗಲಿ" ಎಂದು ಹೇಳಿದ ನೆಂಟರು ಒಬ್ಬಿಬ್ಬರಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಆದರೆ ಎರಡನೆಯ ಕೋರ್ಸ್ ಬೇಕೋ ಬೇಡವೋ ಎಂದು ಹೇಳಬೇಕಾದ್ದು ಮುಂದಿನ ಸ್ಕ್ಯಾನ್. ಗುಳ್ಳೆ ಆಗಲೂ ಹಾಗೇ ಉಳಿದಿದ್ದರೆ ಮಾತ್ರ ಆ ಮಾತು.

ಆರು ತಿಂಗಳಾದ ಮೇಲೆ ಹಳೆಯ ಸಿಡಿ ಹಿಡಿದುಕೊಂಡು ಎಂಆರ್‌ಐಗೆ ಹೋದೆ. ಉಂಗುರ ಇರಲಿಲ್ಲ, ಊತವೂ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ಡಾಕ್ಟರ್ ಮಾತ್ರ ಅಲ್ಲಿಗೇ ನಿಲ್ಲಿಸದೆ ಕಾಂಟ್ರಾಸ್ಟ್ ಇಲ್ಲದ ಒಂದು ಸಿಟಿ ಕೂಡ ಮಾಡಿಸಿದರು. ಉಂಗುರವಿದ್ದ ಜಾಗದಲ್ಲೇ 3 ಮಿಲಿಮೀಟರಿನ ಹೊಸ ಬಿಳಿ ಚುಕ್ಕೆ ಕಂಡಿತು. ಮರಿ ಸತ್ತಿದೆ, ಆದರೆ ಸುಣ್ಣಗಟ್ಟಿ ಉಳಿದಿದೆ. ಪೂರ್ತಿ ಮಾಯವಾಗಿದ್ದು, ನಡುವೆ ಫಿಟ್ಸ್ ಬಾರದೆ ಇದ್ದಿದ್ದರೆ ಈಗಲೇ ಫಿಟ್ಸ್ ಮಾತ್ರೆ ಇಳಿಸುವ ಮಾತಾಡಬಹುದಿತ್ತಂತೆ. ಚುಕ್ಕೆ ಉಳಿದವರಲ್ಲಿ ಫಿಟ್ಸ್ ಮರುಕಳಿಸುವ ಸಂಭವ ಹೆಚ್ಚು. ಆ ಚುಕ್ಕೆಯ ಸುತ್ತ ಎಂದಾದರೂ ಮತ್ತೆ ಊತ ಕಾಣಿಸಿಕೊಳ್ಳಲೂಬಹುದು. ಆಗಲೂ ಬೇಕಾಗುವುದು ಫಿಟ್ಸ್ ಹತೋಟಿಯೇ ಹೊರತು ಹುಳುವಿನ ಮಾತ್ರೆಯಲ್ಲ.

ಹಾಗಾಗಿ ಲೆವೆಟಿರಾಸೆಟಮ್ ಮುಂದುವರಿದಿದೆ. ಎರಡು ವರ್ಷ ಫಿಟ್ಸ್ ಇಲ್ಲದೆ ಕಳೆದರೆ ಆಗ ನೋಡೋಣ ಎಂದಿದ್ದಾರೆ. ನಾಲ್ಕನೆಯ ದಿನ ಲೋಟ ಬಿದ್ದ ತಾರೀಖಿನಿಂದ ಲೆಕ್ಕ ಹಾಕಿದರೆ ಆರು ತಿಂಗಳು ಮುಗಿದಿದೆ, ಇನ್ನು ಹದಿನೆಂಟು ತಿಂಗಳಿದೆ. ಮಾತ್ರೆ ತಪ್ಪದಿರಲೆಂದು ಬೆಳಗ್ಗೆ ಮತ್ತು ರಾತ್ರಿ ಎಂಟು ಗಂಟೆಗೆ ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ. ಅದು ಬಡಿದಾಗ ನನಗಿಂತ ಮೊದಲು ಮಗಳು ನೀರಿನ ಲೋಟ ಹಿಡಿದು ಬರುತ್ತಾಳೆ.